ವಿಶಲ್ ಎಣಿಸೋರೇ ಕೇಳಿ: ಗಟ್ಟಿಯಾಗಿದ್ದು ನನ್ನ ಟಗರಲ್ಲ, ನಿಮ್ಮ ಲೆಕ್ಕ

ಹೊಸತೊಡಕು ಮುಗಿದು ಹನ್ನೊಂದು ದಿನ ಆಯ್ತು. ಇಷ್ಟು ದಿನ ಸುಮ್ಮನಿದ್ದೆ. ಹಬ್ಬದ ಮಾತು ಹಬ್ಬಕ್ಕೇ ಮುಗೀಲಿ ಅಂತ ಬಿಟ್ಟಿದ್ದೆ. ಆದರೆ ಮೊನ್ನೆ ಕುರಿ ವ್ಯಾಪಾರಿ ಬಂದು ಕೊಟ್ಟಿಗೆಲಿರೋ ಆರು ಟಗರು ನೋಡಿ, ಒಂದೊಂದಕ್ಕೆ ಒಂದೂವರೆ ಸಾವಿರ ಕಮ್ಮಿ ಕೇಳಿದ. ಯಾಕಪ್ಪ ಅಂದ್ರೆ "ನಿಮ್ಮ ಮಾಲು ಗಟ್ಟಿ ಅಂತೆ ಕಣಣ್ಣ, ಊರಲ್ಲಿ ಮಾತಾಡ್ಕತಾವ್ರೆ" ಅಂದ. ಆರು ಟಗರಿಗೆ ಒಂಬತ್ತು ಸಾವಿರ. ಇನ್ನು ಸುಮ್ಮನಿರೋಕಾಗಲ್ಲ, ಅದಕ್ಕೆ ಬರೀತಾ ಇದೀನಿ. ಕುರಿ ಮೇಕೆ ಸಾಕೋರೆಲ್ಲ ಓದಿ, ಯಾಕಂದ್ರೆ ಇವತ್ತು ನನಗೆ ಬಂದಿದ್ದು ನಾಳೆ ನಿಮಗೂ ಬರುತ್ತೆ.

ನಡೆದಿದ್ದು ಇಷ್ಟು. ಹೊಸತೊಡಕಿಗೆ ನಮ್ಮ ಬೀದಿಯೋರು ಗುಡ್ಡೆಬಾಡು ಹಾಕಿದ್ವಿ. ಟಗರು ನನ್ನದು. ನಾಲ್ಕು ಹಲ್ಲು ಹಾಕಿತ್ತು, ಅಂದ್ರೆ ಹೆಚ್ಚು ಕಮ್ಮಿ ಎರಡು ವರ್ಷದ ಒಳಗಿಂದು. ತೂಕ 38 ಕೆಜಿ. ಬೆಳಗಿನ ಜಾವ ನಾಲ್ಕಕ್ಕೆ ಕೊಯ್ದು, ಏಳು ಗಂಟೆ ಹೊತ್ತಿಗೆ 16 ಗುಡ್ಡೆ ಮಾಡಿ, ಗುಡ್ಡೆಗೆ 900 ರೂಪಾಯಿ ಅಂತ ಹಂಚಿದ್ವಿ. ಗುಡ್ಡೆ ಅಂದ ಮೇಲೆ ನಿಮಗೆಲ್ಲ ಗೊತ್ತು, ತೊಡೆ, ಕತ್ತು, ಪಕ್ಕೆ, ಎದೆ, ಮುಂಗಾಲು, ಈಲಿ, ಎಲ್ಲದರಲ್ಲೂ ಚೂರು ಚೂರು ಎಲ್ಲ ಗುಡ್ಡೆಗೂ ಬೀಳುತ್ತೆ. ಒಬ್ಬರಿಗೆ ಎಳೆ ಮಾಂಸ, ಇನ್ನೊಬ್ಬರಿಗೆ ಮುದಿ ಮಾಂಸ ಅಂತ ಇರೋಕೆ ಸಾಧ್ಯವೇ ಇಲ್ಲ. ಇದ್ದಿದ್ದು ಒಂದೇ ಟಗರು.

ಸಾಯಂಕಾಲಕ್ಕೆ ನಾಲ್ಕು ಮನೆಯಿಂದ ದೂರು. ಮುದಿ ಟಗರು ತಗಲಾಕ್ಬಿಟ್ಟ, ಜಗಿದು ಜಗಿದು ದವಡೆ ನೋವು, ಹಿಂಗೆಲ್ಲ. ಒಬ್ಬರಂತೂ ಮನೆ ಬಾಗಿಲಿಗೇ ಬಂದು 900 ವಾಪಸ್ ಕೇಳಿದರು. ಕೊಟ್ಟುಬಿಟ್ಟೆ, ಹಬ್ಬದ ದಿನ ಜಗಳ ಯಾಕೆ ಅಂತ. ಮಿಕ್ಕ ಹನ್ನೆರಡು ಮನೆಯೋರು ಚಪ್ಪರಿಸ್ಕೊಂಡು ತಿಂದು ಮಲಗಿದ್ರು. ಆದರೆ ಚೆನ್ನಾಗಿತ್ತು ಅಂತ ಹೇಳೋಕೆ ಯಾರೂ ಬೀದಿಗೆ ಬರಲ್ಲ ನೋಡಿ. ಬರೋದು ಗಟ್ಟಿ ಅನ್ನೋರು ಮಾತ್ರ.

ಒಂದೇ ಟಗರು, ಹನ್ನೆರಡು ಮನೇಲಿ ಮೆತ್ತಗೆ, ನಾಲ್ಕು ಮನೇಲಿ ಗಟ್ಟಿ. ಹಂಗಾದ್ರೆ ತಪ್ಪು ಟಗರಿನಲ್ಲಿ ಇರೋಕೆ ಆಗುತ್ತಾ? ಇದನ್ನ ಯಾರೂ ಯೋಚನೆ ಮಾಡಲಿಲ್ಲ. ಅದಕ್ಕೆ ನಾನೇ ಮಾರನೇ ದಿನ ಹೊರಟೆ, ಒಂದೊಂದೇ ಮನೆಗೆ.

ಮೊದಲು ನನ್ನ ಭಾಮೈದನ ಮನೆ. ದೂರು ಹೇಳಿದೋರಲ್ಲಿ ಅವನೂ ಒಬ್ಬ, ಅದು ಬೇರೆ ನೋವು. "ಭಾವ, ನಿಮ್ಮ ಮೇಲೆ ಸುಳ್ಳು ಹೇಳ್ತೀನಾ, ನೀವೇ ತಿಂದು ನೋಡಿ" ಅಂದ. ತಿಂದೆ. ನಿಜ, ಗಟ್ಟಿ ಇತ್ತು. ಆದರೆ ಹೆಂಗೆ ಗಟ್ಟಿ ಅನ್ನೋದು ಮುಖ್ಯ. ಹಲ್ಲಿಟ್ರೆ ಜಾರ್ತಿತ್ತು, ಒತ್ತಿದ್ರೆ ರಬ್ಬರಿನಂಗೆ ವಾಪಸ್ ಎದ್ದೇಳ್ತಿತ್ತು, ಮೂಳೆ ಬಿಟ್ಟು ಬರ್ತಿರಲಿಲ್ಲ. ಅದು ಮುದಿತನ ಅಲ್ಲ, ಬೇಯದೇ ಇರೋದು. ಹೆಂಗೆ ಬೇಯಿಸ್ದೆ ತಾಯಿ ಅಂತ ಅವನ ಹೆಂಡ್ತೀನ ಕೇಳಿದೆ. "ಎಂಟು ವಿಶಲ್ ಹಾಕ್ಸಿದೀನಿ ಅಣ್ಣ, ಯಾವಾಗ್ಲೂ ಎಂಟೇ" ಅಂದ್ಳು. ಉರಿ? "ಪೂರ್ತಿ ಉರಿ, ಬೇಗ ಆಗ್ಲಿ ಅಂತ, ಹಬ್ಬದ ದಿನ ಬೇರೆ ಅಡಿಗೆ ಇರುತ್ತಲ್ಲ." ಆಮೇಲೆ? "ಸೌಟಿನಲ್ಲಿ ವೆಯ್ಟ್ ಎತ್ತಿ ಹಬೆ ಬಿಟ್ಟು ಮುಚ್ಚಳ ತೆಗೆದೆ."

ಇದೇ ನೋಡಿ. ಈ ಎಂಟು ವಿಶಲ್ ಅನ್ನೋ ಮಂತ್ರ ನಮ್ಮ ಊರಲ್ಲಿ ಯಾರು ಹುಟ್ಟುಹಾಕಿದ್ರೋ ಗೊತ್ತಿಲ್ಲ. ಕೆಲವರಿಗೆ ಐದು, ಕೆಲವರಿಗೆ ಎಂಟು, ಕೆಲವರಿಗೆ ಹನ್ನೆರಡು. ಮಗಳನ್ನ ಕೊಟ್ಟಾಗ ಅಮ್ಮ ಹೇಳಿಕೊಟ್ಟಿರೋ ನಂಬರು, ಸಾಯೋ ತನಕ ಅದೇ. ಮರಿಯಾದರೂ ಎಂಟು, ಬಾಯ್ಗೂಡಿದ ಹೋತ ಆದರೂ ಎಂಟು. ಚಿಕ್ಕ ಕುಕ್ಕರ್‌ಗೂ ಎಂಟು, ಹತ್ತು ಲೀಟರಿಂದಕ್ಕೂ ಎಂಟು.

ನಾನು ಅವತ್ತೇ ಅವರ ಒಲೆ ಮುಂದೆ ಕೂತು ಫೋನಿನಲ್ಲಿ ಟೈಮ್ ನೋಡ್ದೆ. ಅದೇ ಕುಕ್ಕರ್, ಐದು ಲೀಟರಿಂದು, ಒಳಗೆ ಬರೀ ನೀರು. ಪೂರ್ತಿ ಉರೀಲಿ ಮೊದಲನೇ ವಿಶಲ್‌ನಿಂದ ಎಂಟನೇ ವಿಶಲ್ ಬರೋಕೆ ತಗೊಂಡಿದ್ದು 7 ನಿಮಿಷ. ಆಮೇಲೆ ಉರಿ ಸಣ್ಣಗೆ ಮಾಡಿ ಮತ್ತೆ ಎಣಿಸಿದೆ. ಒಂದು ವಿಶಲ್‌ಗೂ ಇನ್ನೊಂದಕ್ಕೂ ನಡುವೆ ಐದೈದು ನಿಮಿಷ, ಒಂದೊಂದ್ಸಲ ಆರು. ಎಂಟು ಆಗೋಕೆ ಮುಕ್ಕಾಲು ಗಂಟೆ ಹತ್ತಿರ ಹೋಯ್ತು. ಎರಡೂ "ಎಂಟು ವಿಶಲ್"ಏ. ಒಂದು 7 ನಿಮಿಷ, ಇನ್ನೊಂದು 40 ದಾಟುತ್ತೆ. ಈಗ ಹೇಳಿ, ಯಾವ ಎಂಟರಲ್ಲಿ ಬಾಡು ಬೇಯುತ್ತೆ?

ನಾನು ಓದಿರೋದು ಎಸ್ಸೆಸ್ಸೆಲ್ಸಿ ಅಷ್ಟೆ, ಆದರೆ ಇಷ್ಟು ಮಾತ್ರ ಮೇಷ್ಟ್ರು ಹೇಳಿದ್ದು ನೆನಪಿದೆ. ತೆರೆದ ಪಾತ್ರೇಲಿ ನೀರು 100 ಡಿಗ್ರಿಗೆ ಕುದಿಯುತ್ತೆ, ಎಷ್ಟೇ ಉರಿ ಹಾಕಿದ್ರೂ ಅದಕ್ಕಿಂತ ಬಿಸಿ ಆಗಲ್ಲ. ಕುಕ್ಕರ್ ಒಳಗೆ ಒತ್ತಡ ಇರೋದ್ರಿಂದ ಅದು ಸುಮಾರು 120 ಡಿಗ್ರಿ ಮುಟ್ಟುತ್ತೆ. ಆದರೆ ಅಲ್ಲಿಗೆ ನಿಂತುಬಿಡುತ್ತೆ. ಯಾಕಂದ್ರೆ ಅದಕ್ಕಿಂತ ಒತ್ತಡ ಹೆಚ್ಚಾದ ತಕ್ಷಣ ವೆಯ್ಟ್ ಎದ್ದು ಹಬೆ ಹೊರಗೆ ಬಿಟ್ಟುಬಿಡುತ್ತೆ. ಆ ಬಿಡೋ ಸದ್ದೇ ವಿಶಲ್. ಅಂದ್ರೆ ವಿಶಲ್ ಅನ್ನೋದು ಒಳಗೆ ಎಷ್ಟು ಬೆಂತು ಅನ್ನೋ ಲೆಕ್ಕ ಅಲ್ಲ, ನೀವು ಎಷ್ಟು ಗ್ಯಾಸ್ ದಂಡ ಮಾಡಿದ್ರಿ ಅನ್ನೋ ಲೆಕ್ಕ. ಪೂರ್ತಿ ಉರಿ ಹಾಕಿದ್ರೆ ಒಳಗೆ 121 ಆಗಲ್ಲ, 130 ಆಗಲ್ಲ. ನೀರು ಹೊರಗೆ ಹೋಗುತ್ತೆ, ತಳ ಹಿಡಿಯುತ್ತೆ, ಪಕ್ಕದ ಮನೆಗೆ ವಾಸನೆ ಹೋಗುತ್ತೆ, ಅಷ್ಟೆ. ಮಾಂಸ ಬೇಯೋದು ಆ ಬಿಸೀಲಿ ಎಷ್ಟು ಹೊತ್ತು ಕೂತಿತ್ತು ಅನ್ನೋದರ ಮೇಲೆ. ಗಡಿಯಾರ ನೋಡ್ರಪ್ಪ, ವಿಶಲ್ ಎಣಿಸಬೇಡಿ.

ಹೊತ್ತು ಯಾಕೆ ಬೇಕು ಅಂದ್ರೆ, ಮಾಂಸದಲ್ಲಿ ಎರಡು ಪದಾರ್ಥ ಇದಾವೆ. ಒಂದು ಕೆಂಪು ಮಾಂಸದ ಎಳೆ. ಇನ್ನೊಂದು ಆ ಎಳೆಗಳನ್ನ ಕಟ್ಟಿಟ್ಟಿರೋ ಬಿಳೀ ಪೊರೆ, ನಾರು, ಮೂಳೆಗೆ ಅಂಟಿರೋ ನರದಂಥದ್ದು. ಕೊಲಾಜನ್ ಅಂತಾರೆ. ಕೆಂಪು ಎಳೆ ಬೇಗ ಬೇಯುತ್ತೆ, ಜಾಸ್ತಿ ಬೆಂದಷ್ಟೂ ನೀರು ಬಿಟ್ಟು ಒಣಗುತ್ತೆ. ಬಿಳೀ ಪೊರೆ ಅದಕ್ಕೆ ಪೂರಾ ಉಲ್ಟಾ. ಮೊದಲು ಬಿಸಿಗೆ ಮುದುರ್ಕೊಂಡು ಬಿಗಿಯಾಗುತ್ತೆ, ಹೊತ್ತು ಕೊಟ್ರೆ ಮಾತ್ರ ನಿಧಾನಕ್ಕೆ ಕರಗಿ ಅಂಟಾಗುತ್ತೆ. ಕಾಲು ಸೂಪು ರಾತ್ರಿ ಮಿಕ್ಕಿದ್ದು ಬೆಳಿಗ್ಗೆ ನೋಡಿದ್ರೆ ಹೆಪ್ಪುಗಟ್ಟಿ ಅಲ್ಲಾಡ್ತಿರುತ್ತಲ್ಲ, ಅದೇ ಅದು. ಭಾಮೈದನ ಮನೇಲಿ ಆಗಿದ್ದು ಇಷ್ಟೆ. ಪೊರೆ ಮುದುರ್ಕೊಂಡಿದೆ, ಕರಗೋಕೆ ಮೊದಲೇ ಒಲೆ ಆರಿಸಿದಾರೆ.

ಅವತ್ತು ಏನು ಮಾಡಿದೆ ಅಂತಾನೂ ಹೇಳ್ತೀನಿ, ನಿಮಗೂ ಉಪಯೋಗ ಆಗುತ್ತೆ. ಮಿಕ್ಕಿದ್ದ ಸಾರಿನಿಂದ ತುಂಡುಗಳನ್ನ ಮಾತ್ರ ಆರಿಸಿ ತೆಗೆಸಿದೆ. ಸಾರಿನ ಸಮೇತ ಕುಕ್ಕರ್‌ಗೆ ಹಾಕಬೇಡಿ, ಕಾಯಿ ಹುರಿಗಡಲೆ ರುಬ್ಬಿ ಹಾಕಿರೋ ಮಸಾಲೆ ತಳ ಹಿಡಿದು ಕರಟಿ ಹೋಗುತ್ತೆ. ತುಂಡಿಗೆ ಎರಡು ಲೋಟ ಬಿಸಿನೀರು, ಚಿಟಿಕೆ ಉಪ್ಪು. ಹಬೆ ಬಂದ ಮೇಲೆ ಸಣ್ಣ ಉರೀಲಿ 18 ನಿಮಿಷ. ಒಲೆ ಆರಿಸಿ, ಮುಟ್ಟದೆ ಹಂಗೇ ಬಿಟ್ಟು, ತಾನಾಗೇ ಹಬೆ ಇಳಿದ ಮೇಲೆ ತೆಗೆದ್ವಿ. ಮೂಳೆ ಎಳೆದ್ರೆ ಕೈಗೆ ಬಂತು. ಆ ನೀರು ಸಮೇತ ವಾಪಸ್ ಸಾರಿಗೆ ಸುರಿದು ಒಂದು ಕುದಿ ಕುದಿಸಿದ್ರು. ಭಾಮೈದ ಎರಡು ಮುದ್ದೆ ಉಂಡ. "ಟಗರು ಮುದಿ ಅಂದ್ಯಲ್ಲ" ಅಂದೆ. ತಲೆ ಎತ್ತಲಿಲ್ಲ. ಮೊದಲಿನ 7 ನಿಮಿಷ, ಈಗಿನ 18, ಒಟ್ಟು 25. ನಾಲ್ಕು ಹಲ್ಲಿನ ಟಗರಿಗೆ ಮೂಳೆ ಸಮೇತ ಬೇಕಾಗಿದ್ದು ಅಷ್ಟೇ ಹೊತ್ತು.

ಎರಡನೇ ಮನೆ ಕತೆ ಬೇರೆ. ಅವರ ಮಗ ಬೆಂಗಳೂರಲ್ಲಿ ಕೆಲಸದಲ್ಲಿರೋನು, ಹಬ್ಬಕ್ಕೆ ಬಂದಿದ್ದ. ಮೂಳೆ ಬೇಡ ಅಂತ ತನ್ನ ಗುಡ್ಡೇಲಿದ್ದ ಕತ್ತು, ಎದೆ, ಪಕ್ಕೆ ಎಲ್ಲ ಪಕ್ಕದ ಮನೆಗೆ ಕೊಟ್ಟು, ಅವರ ಹತ್ರ ತೊಡೆ ಮಾಂಸ ಈಸ್ಕೊಂಡಿದಾನೆ. ಮೂಳೆ ಬಿಡಿಸಿ ಹುಣಸೆ ಬೀಜದಷ್ಟು ಹುಣಸೆ ಬೀಜದಷ್ಟು ಚೂರು ಮಾಡಿ, ಗಟ್ಟಿ ಆಗಬಾರದು ಅಂತ ಇಪ್ಪತ್ತು ವಿಶಲ್. ಎಷ್ಟು ಹೊತ್ತು ಅಂದ್ರೆ ಮುಕ್ಕಾಲು ಗಂಟೆ ಆಗಿರಬೇಕು ಅಂದ. ಅದನ್ನೂ ಬಾಯಿಗೆ ಹಾಕ್ಕೊಂಡೆ. ಇದು ರಬ್ಬರ್ ಅಲ್ಲ. ನಾರು ನಾರಾಗಿ ಬಿಡ್ಕೊತು, ಬಾಯಲ್ಲಿದ್ದ ಎಂಜಲನ್ನೂ ಹೀರ್ಕೊಂಡು ಹತ್ತಿಯಂಗೆ ಆಯ್ತು. ಅವನು "ಇನ್ನೂ ಐದು ವಿಶಲ್ ಹಾಕಿಸ್ಬೇಕಿತ್ತೇನೋ ಅಂಕಲ್" ಅಂದ. ಹಾಕಿಸಿದ್ರೆ ಹಗ್ಗ ಹೊಸೀಬಹುದಿತ್ತು.

ಈ ವ್ಯತ್ಯಾಸ ತಿಳ್ಕೊಳ್ಳಿ, ಇದೊಂದು ಗೊತ್ತಾದ್ರೆ ಅರ್ಧ ಜಗಳ ಮುಗಿಯುತ್ತೆ. ಎರಡಕ್ಕೂ ಜನ "ಗಟ್ಟಿ" ಅಂತಾನೇ ಹೇಳ್ತಾರೆ, ಆದರೆ ಎರಡೂ ಬೇರೆ ಬೇರೆ ಕಾಯಿಲೆ. ಹಲ್ಲಿಗೆ ಜಾರಿ, ಒತ್ತಿದ್ರೆ ವಾಪಸ್ ಎದ್ದು, ಮೂಳೆ ಕಚ್ಚಿಕೊಂಡಿದ್ರೆ ಅದು ಬೆಂದಿಲ್ಲ, ಇನ್ನೂ ಹೊತ್ತು ಕೊಡಿ, ಸರಿಹೋಗುತ್ತೆ. ನಾರು ಬಿಡ್ಕೊಂಡು ಒಣ ಒಣ ಆಗಿದ್ರೆ ಅದು ಅತಿಯಾಗಿ ಬೆಂದಿರೋದು, ಅದಕ್ಕೆ ಮದ್ದಿಲ್ಲ. ಅಂಥದ್ದನ್ನ ಕೈಯಲ್ಲಿ ಎಳೆ ಎಳೆ ಬಿಡಿಸಿ, ಈರುಳ್ಳಿ ಮೆಣಸು ಕರಿಬೇವು ಹಾಕಿ ಎಣ್ಣೇಲಿ ಹುರಿದುಬಿಡಿ, ಚಪಾತಿಗೆ ಆಗುತ್ತೆ. ಆ ಹುಡುಗನಿಗೂ ಅದನ್ನೇ ಹೇಳಿ ಬಂದೆ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬರೋದು ಈ ತೊಡೆ ಹುಚ್ಚಿನ ಮೇಲೆ. ಈಗಿನೋರಿಗೆ ಅಂಗಡಿಗೆ ಹೋದರೂ ತೊಡೆ, ಗುಡ್ಡೆ ಹಾಕಿದ್ರೂ ತೊಡೆ, ಮೂಳೆ ಇಲ್ಲದ್ದೇ ಆಗಬೇಕು. ಮೂಳೆಗೂ ಮಾಂಸದ ದುಡ್ಡು ಕೊಡಬೇಕಾ ಅಂತಾರೆ. ತೊಡೇಲಿ ಬಿಳೀ ಪೊರೆ ಕಮ್ಮಿ, ಕೊಬ್ಬು ಕಮ್ಮಿ. ಹುರಿಯೋಕೆ, ಚಾಪ್ಸಿನಂಗೆ ಮಾಡೋಕೆ, ಕೈಮಕ್ಕೆ ಸರಿ. ಕುಕ್ಕರಿನಲ್ಲಿ ಸಾರಿಗೆ ಹಾಕಿದ್ರೆ ಒಂದು ಹತ್ತು ನಿಮಿಷ ಆಚೆ ಈಚೆ ಆದರೆ ಒಣಗಿಹೋಗುತ್ತೆ. ಅದೇ ಕತ್ತು, ಮುಂಗಾಲು, ಎದೆ, ನಲ್ಲಿ ಮೂಳೆ ತಗೊಳ್ಳಿ. ಜೀವ ಇದ್ದಾಗ ದಿನವೆಲ್ಲ ಕೆಲಸ ಮಾಡಿರೋ ಭಾಗ ಅವು. ತಲೆ ಎತ್ತಿ ಇಳಿಸಿ ಮೇಯ್ದಿರೋ ಕತ್ತು, ಮೈ ಭಾರ ಹೊತ್ತಿರೋ ಮುಂಗಾಲು. ಹಸೀಲಿ ಮುಟ್ಟಿದ್ರೆ ಗಟ್ಟಿ, ಪೊರೆ ತುಂಬಿರುತ್ತೆ. ಆದರೆ ಕುಕ್ಕರಿನಲ್ಲಿ ಅದೆಲ್ಲ ಕರಗಿ ತುಂಡಿನ ಒಳಗೇ ಅಂಟಂಟಾಗಿ ನಿಲ್ಲುತ್ತೆ. ಐದು ನಿಮಿಷ ಜಾಸ್ತಿ ಆದರೂ ಒಣಗಲ್ಲ. ಸಾರಿಗೆ ರುಚಿ ಬರೋದೂ ಅದರಿಂದಾನೇ. ಹಸೀಲಿ ಮೆತ್ತಗಿರೋದು ಬೆಂದ ಮೇಲೆ ಮೆತ್ತಗಿರುತ್ತೆ ಅಂದ್ಕೊಂಡಿರೋದೇ ಮೊದಲನೇ ತಪ್ಪು. ಕುಕ್ಕರ್ ಸಾರಿಗೆ ಅಂತ ಒಂದು ಕೆಜಿ ತಗೊಂಡ್ರೆ ನಾನು ಅರ್ಧ ಕೆಜಿ ಮುಂಗಾಲು, ಕಾಲು ಕೆಜಿ ಕತ್ತು, ಕಾಲು ಕೆಜಿ ಎದೆ ಅಂತ ಕೇಳ್ತೀನಿ. ಅಂಗಡಿಯೋನಿಗೂ ಖುಷಿ, ನನಗೂ ಖುಷಿ.

ಗುಡ್ಡೆ ಬಾಡಿನಲ್ಲಿ ಹಂಗೆ ಆರಿಸೋಕಾಗಲ್ಲ, ಎಲ್ಲ ಬಂದಿರುತ್ತೆ. ಅದಕ್ಕೆ ಮನೆಗೆ ತಂದ ಮೇಲೆ ಸುಮ್ಮನೆ ತೊಳೆದು ಒಟ್ಟಿಗೆ ಸುರಿಯೋ ಬದಲು ಒಂದು ಐದು ನಿಮಿಷ ಕೂತು ಬೇರೆ ಮಾಡಿ. ಈಲಿ, ಅಂದ್ರೆ ಲಿವರು, ಮತ್ತೆ ಗುಂಡಿಗೆ ಪಕ್ಕದಲ್ಲಿ ಬರೋ ಚೂರುಪಾರು ತೆಗೆದಿಡಿ. ಈಲಿ ಕುಕ್ಕರ್‌ಗೆ ಹೋಗಲೇಬಾರದು. ಅದಕ್ಕೆ ಬೇಕಾಗಿರೋದು ಐದಾರು ನಿಮಿಷ, ಸಾರು ಕೊನೇಲಿ ಕುದಿಯೋವಾಗ ಹಾಕಿದ್ರೆ ಸಾಕು. ಇಪ್ಪತ್ತೈದು ನಿಮಿಷ ಒತ್ತಡದಲ್ಲಿ ಕೂತ್ರೆ ಒಣಗಿ ಪುಡಿ ಪುಡಿ ಆಗುತ್ತೆ. ತೊಡೆ ತುಂಡು ದೊಡ್ಡದಾಗಿ ಇರಲಿ, ನಿಂಬೆಹಣ್ಣಿಗಿಂತ ದಪ್ಪ. ಕತ್ತು, ಮುಂಗಾಲು ಅದರ ಅರ್ಧದಷ್ಟು. ಹಂಗೆ ಮಾಡಿದ್ರೆ ಎರಡೂ ಒಂದೇ ಹೊತ್ತಿಗೆ ಬೇಯ್ತಾವೆ. ನಮ್ಮ ಕಡೆ ಕೊಚ್ಚೋರು ಇದಕ್ಕೆ ಉಲ್ಟಾ ಮಾಡ್ತಾರೆ. ತೊಡೆ ಸಲೀಸಾಗಿ ಕೊಯ್ಯುತ್ತೆ ಅಂತ ಸಣ್ಣಗೆ, ಕತ್ತು ಮೂಳೆ ಗಟ್ಟಿ ಅಂತ ದಪ್ಪ ದಪ್ಪ. ಮುಂದಿನ ಸಲ ಕತ್ತಿ ಹಿಡಿದೋರಿಗೆ ಮೊದಲೇ ಹೇಳಬೇಕು ಅಂತ ಇದೀನಿ. ಬೋಟಿ ಬಂದಿದ್ರೆ ಅದು ಬೇರೇನೇ ಬೇಯಿಸ್ಕೋಬೇಕು, ಅದರ ಮಾತು ಇನ್ನೊಂದಿನ.

ಈಗ ಹೊತ್ತಿನ ಲೆಕ್ಕ. ಇದು ನಮ್ಮ ಮನೇಲಿ ವರ್ಷಗಟ್ಟಲೆ ನೋಡಿ ಇಟ್ಕೊಂಡಿರೋದು. ಎಲ್ಲ ಹೊತ್ತೂ ಮೂಳೆ ಸಮೇತದ ತುಂಡಿಗೆ, ಒತ್ತಡ ಪೂರ್ತಿ ಬಂದು ಉರಿ ಸಣ್ಣ ಮಾಡಿದ ಮೇಲಿಂದ ಎಣಿಸಿದ್ದು.

ಹಲ್ಲು ಹಾಕದ ಮರಿ ಆದರೆ 12 ನಿಮಿಷ ಸಾಕು, ಹದಿನೈದು ದಾಟಿಸಬೇಡಿ. ಎರಡು ಹಲ್ಲಿಂದಕ್ಕೆ 18ರಿಂದ 20. ನಾಲ್ಕು ಹಲ್ಲಿಗೆ 25. ಆರು ಹಲ್ಲಿಗೆ ಅರ್ಧ ಗಂಟೆ. ಬಾಯ್ಗೂಡಿದ್ದಕ್ಕೆ, ಮರಿ ಹಾಕಿ ಹಾಕಿ ಹಳೇದಾದ ಕುರಿಗೆ, 40 ನಿಮಿಷ, ಆದರೂ ಒಂದ್ಸಲ ತೆಗೆದು ನೋಡಿ. ಮೇಕೆ ಆದರೆ ಅದೇ ವಯಸ್ಸಿನ ಕುರಿಗಿಂತ ಐದು ನಿಮಿಷ ಜಾಸ್ತಿ ಕೊಡ್ತೀನಿ. ಅದರ ಮಾಂಸದಲ್ಲಿ ಕೊಬ್ಬು ಕಮ್ಮಿ. ಕೊಬ್ಬು ಕಮ್ಮಿ ಇರೋದ್ರಿಂದಾನೇ ಬೇಗ ಒಣಗೋದೂ ಅದೇ, ಹಂಗಾಗಿ ಮೇಕೇಲಿ ತೊಡೆ ಮಾತ್ರ ಕೇಳೋದು ಇನ್ನೂ ದೊಡ್ಡ ತಪ್ಪು. ಬನ್ನೂರು ಕುರಿ ಆಗಿದ್ರೆ ಹಿಂಗೆ ಆಗ್ತಿರಲಿಲ್ಲ ಅಂತ ಒಬ್ಬರು ಅಂದರಂತೆ. ಬನ್ನೂರು ಕುರಿ ಮಾಂಸ ಮೆದು, ಒಪ್ತೀನಿ, ಅದಕ್ಕೆ ಹೆಸರಿರೋದೂ ಅದಕ್ಕೇ. ಆದರೆ ಬಾಯ್ಗೂಡಿದ ಬನ್ನೂರು ಟಗರನ್ನ ತಂದು ಏಳು ನಿಮಿಷ ಬೇಯಿಸಿ ನೋಡಿ, ಗೊತ್ತಾಗುತ್ತೆ.

ಅಂಗಡೀಲಿ ತಗೊಳ್ಳೋರಿಗೆ ಹಲ್ಲು ನೋಡೋಕೆ ಸಿಗಲ್ಲ. ಆಗ ಮಾಂಸದ ಬಣ್ಣ ನೋಡಿ. ಮರಿದು ತಿಳಿ ಗುಲಾಬಿ, ವಯಸ್ಸಾದಷ್ಟೂ ಕಡುಗೆಂಪು. ಕತ್ತರಿಸಿದ ಮೂಳೆ ಒಳಗೆ ಕೆಂಪಗೆ ಒದ್ದೆ ಒದ್ದೆ ಇದ್ರೆ ಎಳೇದು, ಬೆಳ್ಳಗೆ ಸುಣ್ಣದಂಗೆ ಗಟ್ಟಿ ಇದ್ರೆ ಬಲಿತದ್ದು. ಬಲಿತದ್ದು ಅಂತ ಬಿಟ್ಟು ಬರಬೇಕಿಲ್ಲ, ಸಾರಿಗೆ ಅದೇ ರುಚಿ. ಹೊತ್ತು ಕೊಡಬೇಕು ಅಷ್ಟೆ.

ಮಾಡೋ ರೀತಿ ನಮ್ಮನೇದು ಹಿಂಗೆ. ಎಣ್ಣೇಲಿ ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಬಾಡಿಸಿ, ಮಾಂಸ, ಅರಿಶಿನ, ಉಪ್ಪು ಹಾಕಿ ನೀರು ಬಿಟ್ಕೊಂಡು ಆ ನೀರು ಅರ್ಧ ಇಂಗೋ ತನಕ ಹುರೀತೀವಿ. ಒಂದು ಕೆಜಿಗೆ ಎರಡು ಲೋಟ ಬಿಸಿನೀರು. ಕುಕ್ಕರಿನ ಮೂರರಲ್ಲಿ ಎರಡು ಭಾಗ ದಾಟೋಕೆ ಬಿಡಬೇಡಿ, ಇಲ್ಲಾಂದ್ರೆ ನೊರೆ ಬಂದು ಹಬೆ ಹೋಗೋ ತೂತಿಗೆ ಸಿಕ್ಕೊಳುತ್ತೆ. ಮುಚ್ಚಳ ಹಾಕಿ, ವೆಯ್ಟ್ ತಕ್ಷಣ ಇಡಬೇಡಿ. ತೂತಿನಿಂದ ಹಬೆ ನೇರಕ್ಕೆ ಜೋರಾಗಿ ಬರೋ ತನಕ ಕಾಯಿರಿ, ಒಳಗಿನ ಗಾಳಿ ಹೋಗಲಿ, ಆಮೇಲೆ ಇಡಿ. ಗಾಳಿ ಉಳ್ಕೊಂಡ್ರೆ ವಿಶಲ್ ಬರುತ್ತೆ, ಆದರೆ ಒಳಗೆ ಬರಬೇಕಾದಷ್ಟು ಬಿಸಿ ಬಂದಿರಲ್ಲ. ಮೊದಲನೇ ವಿಶಲ್ ಕೂಗಿದ ತಕ್ಷಣ ಉರಿ ಸಣ್ಣ, ಅಲ್ಲಿಂದ ಗಡಿಯಾರ. ಸೌದೆ ಒಲೆ ಆದರೆ ಕೊಳ್ಳಿ ಹಿಂದಕ್ಕೆ ಎಳೆದು ಕೆಂಡದ ಮೇಲೆ ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ವೆಯ್ಟ್ ಅಲ್ಲಾಡ್ತಿದ್ರೆ ಸರಿಯಾಗಿದೆ ಅಂತ. ಪೂರ್ತಿ ಸದ್ದು ನಿಂತು ತಣ್ಣಗಾಗಿದ್ರೆ ಒತ್ತಡ ಇಳಿದಿದೆ, ಆ ನಿಮಿಷ ಲೆಕ್ಕಕ್ಕಿಲ್ಲ. ರುಬ್ಬಿದ ಮಸಾಲೆ ಕುಕ್ಕರ್ ತೆಗೆದ ಮೇಲೆ ಹಾಕಿ ಕುದಿಸೋದು.

ಆಮೇಲೆ ಆ ಸೌಟಿನ ಚಾಳಿ. ಹೊತ್ತು ಸರಿಯಾಗಿ ಕೊಟ್ಟು ಕೊನೇಲಿ ಕೆಡಿಸೋದು ಇಲ್ಲೇ. ವೆಯ್ಟ್ ಎತ್ತಿ ಹಬೆ ಬಿಟ್ಟಾಗ ಒಳಗಿನ ಒತ್ತಡ ಒಂದೇ ಸಲಕ್ಕೆ ಬೀಳುತ್ತೆ. 120 ಡಿಗ್ರೀಲಿ ಇದ್ದ ನೀರು ಆ ಕ್ಷಣ ಕೊತಕೊತ ಕುದಿದುಬಿಡುತ್ತೆ, ಪಾತ್ರೇಲಿರೋದು ಮಾತ್ರ ಅಲ್ಲ, ತುಂಡಿನ ಒಳಗಿರೋ ನೀರೂ ಕುದಿದು ಹಬೆಯಾಗಿ ಹೊರಗೆ ಬರುತ್ತೆ. ಮಾಂಸ ಬಿಗೀತದೆ, ಒಣಗುತ್ತೆ. ಒಲೆ ಆರಿಸಿ ಕಾಲು ಗಂಟೆ ಹಂಗೇ ಬಿಟ್ರೆ ತಾನೇ ಇಳಿಯುತ್ತೆ, ಆ ಕಾಲು ಗಂಟೇಲೂ ಒಳಗೆ ಬೇಯ್ತಾ ಇರುತ್ತೆ. ಅಷ್ಟರಲ್ಲಿ ಮುದ್ದೆ ತೊಳಸ್ಕೊಳ್ಳಿ.

ಮೂರನೇ ಮನೆಯೋರದ್ದು ಇನ್ನೊಂದು ತರ. ಏಳು ಗಂಟೆಗೆ ಗುಡ್ಡೆ ತಗೊಂಡು ಹೋಗಿ, ಅರ್ಧ ಸಂಜೆಗೆ ಇರಲಿ ಅಂತ ಬಿಸಿ ಮಾಂಸಾನೇ ಫ್ರೀಜರ್‌ಗೆ ಹಾಕಿದಾರೆ. ಬೆಳಿಗ್ಗೆ ಮಾಡಿದ್ದು ಪರವಾಗಿಲ್ಲ, ಸಂಜೆಯದ್ದು ಕಲ್ಲು ಅಂದ್ರು. ಕೊಯ್ದ ತಕ್ಷಣ ಮಾಂಸ ಮೆತ್ತಗೆ ಅದುರ್ತಾ ಇರುತ್ತೆ, ನೋಡಿರ್ತೀರ. ಕೆಲವು ಗಂಟೆ ಕಳೆದ್ರೆ ಸೆಟೆದುಕೊಳ್ಳುತ್ತೆ, ಆಮೇಲೆ ಮತ್ತೆ ನಿಧಾನಕ್ಕೆ ಸಡಿಲ ಆಗುತ್ತೆ. ಸೆಟೆಯೋಕೆ ಮುಂಚೆ ಬಿಸೀಲೇ ಫ್ರೀಜರ್‌ಗೆ ಹಾಕಿದ್ರೆ ಚಳಿಗೆ ಎಳೆಗಳು ಮುದುರ್ಕೊಂಡು ಹಂಗೇ ಗಟ್ಟಿಯಾಗಿ ನಿಂತುಬಿಡ್ತಾವೆ, ಆಮೇಲೆ ಬೇಯಿಸಿದ್ರೂ ಪೂರ್ತಿ ಬಿಡಲ್ಲ. ಇಡೋದೇ ಆದರೆ ಮೊದಲು ನೆರಳಲ್ಲಿ ಬಿಸಿ ಆರಲಿ, ಆಮೇಲೆ ಫ್ರಿಜ್ಜಿನ ಕೆಳಗಿನ ಖಾನೇಲಿ ಮುಚ್ಚಿಡಿ, ಮಾರನೇ ದಿನ ಮಾಡಿ. ನಾನು ನನ್ನ ಗುಡ್ಡೇಲಿ ಅರ್ಧ ಹಂಗೇ ಇಟ್ಟಿದ್ದೆ. ಅದೇ ಟಗರು, ಅದೇ 25 ನಿಮಿಷ, ಮಾರನೇ ದಿನದ್ದು ಹಬ್ಬದ ದಿನದ್ದಕ್ಕಿಂತ ಮೆತ್ತಗಿತ್ತು. ಹಬ್ಬದ ದಿನ ಯಾರು ಕಾಯ್ತಾರೆ, ಅದೂ ಗೊತ್ತು. ಒಂಬತ್ತು ಗಂಟೆಗೆ ಒಲೆ ಮೇಲಿಡೋರು ಐದು ನಿಮಿಷ ಜಾಸ್ತಿ ಕೊಡಿ, ಪೂರ್ತಿ ಅಲ್ಲದಿದ್ರೂ ಸುಮಾರಾಗಿ ಸರಿಹೋಗುತ್ತೆ.

ನಾಲ್ಕನೇ ಮನೆಯೋರು ಬಾಗಿಲು ತೆಗೆಯಲಿಲ್ಲ. 900 ವಾಪಸ್ ತಗೊಂಡೋರೇ ಅವರು. ಅವರ ಒಲೆ ಮುಂದೆ ಏನಾಯ್ತು ಅಂತ ನನಗೆ ಗೊತ್ತಿಲ್ಲ, ಮಾತಾಡಲ್ಲ.

ಇಷ್ಟೆಲ್ಲ ಹೇಳಿದಾಗ ಒಬ್ಬ ಹಿರಿಯರು, ನನಗೆ ದೊಡ್ಡಪ್ಪ ಆಗಬೇಕು, "ಕುಕ್ಕರ್ ಬಂದಿದ್ದೇ ತಪ್ಪು ಕಣ್ಲಾ, ಮಡಿಕೇಲಿ ಚಿಪ್ಪಿನ ಚೂರು ಹಾಕಿ ಬೇಯಿಸ್ತಿದ್ರು ನಮ್ಮವ್ವ" ಅಂದ್ರು. ದೊಡ್ಡಪ್ಪ, ಬೇಯಿಸಿದ್ದು ಚಿಪ್ಪಲ್ಲ, ಅವ್ವ ಕೂತು ಕಾದ ಎರಡು ಗಂಟೆ. ಆ ಎರಡು ಗಂಟೆ ಈಗ ಯಾರ ಹತ್ರಾನೂ ಇಲ್ಲ. ಕುಕ್ಕರ್ ಅದನ್ನ ಅರ್ಧ ಗಂಟೆಗೆ ಇಳಿಸಿದೆ, ನಮ್ಮ ಜನ ಏಳು ನಿಮಿಷಕ್ಕೆ ಇಳಿಸೋಕೆ ಹೊರಟಿದಾರೆ. ಅಡಿಗೆ ಸೋಡ ಹಾಕೋರೂ ಇದಾರೆ. ಮೇಲೆ ಮೇಲೆ ಮೆತ್ತಗಾಗಿ ಸಾರು ಸೋಪಿನ ರುಚಿ ಬರುತ್ತೆ, ಬೇಡ. ಪರಂಗಿ ಕಾಯಿ ಅರೆದು ಹಚ್ಚೋದು ಕೆಲಸ ಮಾಡುತ್ತೆ, ಸುಳ್ಳಲ್ಲ, ಆದರೆ ಅದು ಮುದಿ ಮಾಂಸ ಹುರಿಯೋಕೆ. ಕುಕ್ಕರ್‌ಗೆ ಹಾಕಿದ್ರೆ ತುಂಡಿನ ಹೊರಗೆ ಹಿಟ್ಟು ಹಿಟ್ಟಾಗಿ, ಒಳಗೆ ಹಂಗೇ ಇರುತ್ತೆ.

ವ್ಯಾಪಾರಿಗೆ ಟಗರು ಕೊಡಲಿಲ್ಲ. ಹತ್ತು ದಿನ ಜಾಸ್ತಿ ಹುರುಳಿ ತಿಂದರೂ ಪರವಾಗಿಲ್ಲ, ಕಮ್ಮಿಗೆ ಕೊಟ್ರೆ ನಾನೇ ಗಟ್ಟಿ ಅಂತ ಒಪ್ಕೊಂಡಂಗೆ. ಮುಂದಿನ ಗುಡ್ಡೆಗೆ, ನನ್ನ ಟಗರೇ ಆಗಲಿ ಬೇರೆಯೋರದ್ದೇ ಆಗಲಿ, ಕೊಯ್ಯೋಕೆ ಮುಂಚೆ ಹದಿನಾರು ಮನೆಯೋರೂ ಬಂದು ಬಾಯಿ ತೆರೆಸಿ ಹಲ್ಲು ನೋಡಬೇಕು, ಎಷ್ಟು ಹಲ್ಲು, ಎಷ್ಟು ನಿಮಿಷ ಅಂತ ಅಲ್ಲೇ ಹೇಳಿಬಿಡ್ತೀನಿ. ನಿನ್ನೆ ಭಾಮೈದನ ಹೆಂಡ್ತಿ ಫೋನ್ ಮಾಡಿದ್ಳು. ಅವರ ತವರಿಂದ ಹೋತದ ತಲೆ ಕಾಲು ಬಂದಿದೆಯಂತೆ. "ಅಣ್ಣ, ಎಷ್ಟು ವಿಶಲ್?" ಅಂದ್ಳು. ನಾನು ಸುಮ್ಮನಿದ್ದೆ. ಅವಳೇ ನಕ್ಕು "ಎಷ್ಟು ನಿಮಿಷ?" ಅಂದ್ಳು. ಹೋತ ಎಷ್ಟು ಹಲ್ಲಿಂದಮ್ಮ, ತಲೆ ಅಲ್ಲೇ ಇದೆಯಲ್ಲ, ಬಾಯಿ ಬಿಡಿಸಿ ನೋಡಿ ಹೇಳು ಅಂದೆ. ಆರು ಅಂದ್ಳು. ಹಂಗಾದ್ರೆ ಸಣ್ಣ ಉರೀಲಿ 45, ತಾನಾಗೇ ಹಬೆ ಇಳೀಲಿ, ಸೌಟು ಮುಟ್ಟಬೇಡ ಅಂದೆ.